ಓದಿದರೆ ತಿಳಿಯುವ ಇಂಗ್ಲಿಷ್ ಕೇಳಿದರೆ ಯಾಕೆ ಜಾರಿಹೋಗುತ್ತದೆ?

ಪ್ರಶ್ನೆ: ನನ್ನ ಚಿಕ್ಕಮ್ಮನ ಮಗ ಕನ್ನಡ ಮಾಧ್ಯಮದಲ್ಲಿ ಓದಿದವನು, ಈಗ ಡಿಗ್ರಿ ಮೊದಲ ವರ್ಷ. ಇಂಗ್ಲಿಷ್ ಓದಿದರೆ ಅರ್ಥ ಮಾಡಿಕೊಳ್ಳುತ್ತಾನೆ, ಯಾರಾದರೂ ಮಾತಾಡಿದರೆ ಮಾತ್ರ ಏನೂ ತಲೆಗೆ ಹೋಗುವುದಿಲ್ಲವಂತೆ. "ಅಕ್ಕ, ಇದು ನನ್ನ ಕೈಲಾಗಲ್ಲ, ಬಿಟ್ಬಿಡ್ತೀನಿ" ಅಂತಿದ್ದಾನೆ. ಅವನಿಗೊಂದು ಕಾಗದ ಬರೆಯಬೇಕು ಅಂದುಕೊಂಡಿದ್ದೇನೆ. ಬರೀ ಧೈರ್ಯದ ಮಾತಲ್ಲ, ನಾಳೆಯಿಂದಲೇ ಮಾಡುವಂಥದ್ದು ಏನಾದರೂ ಇರಬೇಕು. ಏನು ಬರೆಯಲಿ?

ಉತ್ತರ: ನಿಮ್ಮ ತಮ್ಮನಿಗೆ ಇನ್ನೊಂದು ವ್ಯಾಕರಣದ ಪುಸ್ತಕ ಕೊಡಿಸಬೇಡಿ. ಅವನಿಗೆ ಗೊತ್ತಿರುವ ಪದಗಳೇ ಅವನ ಕಿವಿಗೆ ಗುರುತು ಸಿಗುತ್ತಿಲ್ಲ. ಇದಕ್ಕೆ ಬೇರೆಯದೇ ಅಭ್ಯಾಸ ಬೇಕು, ಮತ್ತು ಅದರಲ್ಲಿ ಅವನ ಕನ್ನಡ ಅವನ ನೆರವಿಗೆ ಬರುತ್ತದೆ. ಕಾಗದವನ್ನು ನೀವೇ ಬರೆದಂತೆ ಕೆಳಗೆ ಕೊಟ್ಟಿದ್ದೇನೆ. ನಿಮ್ಮ ಮನೆಮಾತಿಗೆ ತಕ್ಕಂತೆ ಅಲ್ಲಲ್ಲಿ ತಿದ್ದಿಕೊಂಡು ಕಳಿಸಿ.

ಪ್ರೀತಿಯ ತಮ್ಮನಿಗೆ,

ಯಾರೋ ಒಬ್ಬ ದೂರದವನು ಪುಸ್ತಕ ನೋಡಿಕೊಂಡು ಕನ್ನಡ ಕಲಿತಿದ್ದಾನೆ ಅಂದುಕೋ. "ನೀನು ಏನು ಮಾಡುತ್ತಾ ಇದ್ದೀಯಾ" ಎಂದು ಬರೆದು ತೋರಿಸಿದರೆ ತಟ್ಟನೆ ಓದಿ ಅರ್ಥ ಹೇಳುತ್ತಾನೆ. ನೀನು ಅವನ ಎದುರಿಗೆ ನಿಂತು "ಏನ್ಮಾಡ್ತಿದೀಯೋ" ಅಂದರೆ ಕಣ್ಣು ಕಣ್ಣು ಬಿಡುತ್ತಾನೆ. ಅವನಿಗೆ ಕನ್ನಡ ಬರುವುದಿಲ್ಲ ಅನ್ನುತ್ತೀಯಾ? ಅದರಲ್ಲಿ ಅವನಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಪದಗಳು ಬಾಯಿಗೆ ಬಂದಾಗ ಏನಾಗುತ್ತವೆ ಎಂದು ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ. ಇಂಗ್ಲಿಷಿನಲ್ಲಿ ನಿನ್ನ ಸ್ಥಿತಿಯೂ ಇದೇ.

ಪದ ಬಾಯಿಗೆ ಬಂದಾಗ ಆಗುವುದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಸಂಧಿ. ಶಾಲೆಯಲ್ಲಿ ಉರು ಹೊಡೆದಿದ್ದೀಯ. ಊರು, ಅಲ್ಲಿ ಸೇರಿ ಊರಲ್ಲಿ ಆದರೆ ಲೋಪ. ಮನೆ, ಅಲ್ಲಿ ಸೇರಿ ಮನೆಯಲ್ಲಿ ಆಗುವಾಗ ನಡುವೆ ಯಕಾರ ಬರುತ್ತದೆ, ಗುರು, ಅನ್ನು ಸೇರಿ ಗುರುವನ್ನು ಆಗುವಾಗ ವಕಾರ ಬರುತ್ತದೆ, ಎರಡೂ ಆಗಮ. ಮಳೆ, ಕಾಲ ಸೇರಿ ಮಳೆಗಾಲ ಆದರೆ ಆದೇಶ. ಇಂಗ್ಲಿಷ್ ಮಾತಾಡುವವರೂ ಇವನ್ನೇ ಮಾಡುತ್ತಾರೆ. ನಾವು ಸಂಧಿಯಾದದ್ದನ್ನು ಹಾಗೆಯೇ ಬರೆಯುತ್ತೇವೆ, ಅವರು ಬರೆಯುವುದಿಲ್ಲ. ಕಾಗದದ ಮೇಲೆ ಪದಗಳು ಬೇರೆಬೇರೆಯಾಗಿ ಸಾಲಾಗಿ ನಿಂತಿರುತ್ತವೆ, ಬಾಯಲ್ಲಿ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ನೀನು ಕಾಗದದ ಮೇಲಿನ ಇಂಗ್ಲಿಷನ್ನು ಕಿವಿಯಲ್ಲಿ ಹುಡುಕುತ್ತಿದ್ದೀಯ, ಅದು ಅಲ್ಲಿರುವುದಿಲ್ಲ.

ಒಂದೊಂದಾಗಿ ನೋಡು. "ಸೋ ಐ" ಎಂದು ಬರೆದದ್ದನ್ನು "ಸೋವಾಯ್" ಎನ್ನುತ್ತಾರೆ, "ಗೋ ಔಟ್" ಹೋಗಿ "ಗೋವೌಟ್" ಆಗುತ್ತದೆ. ಓಕಾರದ ಮುಂದೆ ಸ್ವರ ಬಂತು, ವಕಾರ ನುಸುಳಿತು, ಗುರುವನ್ನು ಆದಂತೆಯೇ. "ಸೀ ಇಟ್" ಎಂಬುದು "ಸೀಯಿಟ್", "ದಿ ಆಫೀಸ್" ಎಂಬುದು "ದಿಯಾಫೀಸ್". ಇಲ್ಲಿ ಯಕಾರ, ಮನೆಯಲ್ಲಿ ಆದಂತೆ. ವ್ಯಂಜನದ ಮುಂದೆ ಸ್ವರ ಬಂದರೆ ನಾವು ಕಾಗುಣಿತ ಕೂಡಿಸಿದಂತೆ ಅವರೂ ಕೂಡಿಸುತ್ತಾರೆ, "ಪಿಕ್ ಇಟ್ ಅಪ್" ಎಂಬ ಮೂರು ಪದ "ಪಿಕಿಟಪ್" ಎಂಬ ಒಂದೇ ಪದದಂತೆ ಕೇಳುತ್ತದೆ. ಇನ್ನು "ಡಿಡ್ ಯು" ಎಂಬುದು "ಡಿಜು" ಆಗುವುದು, "ಮೀಟ್ ಯು" ಎಂಬುದು "ಮೀಚು" ಆಗುವುದು ಆದೇಶ. ಒಂದು ವ್ಯತ್ಯಾಸವಿದೆ. ಮಳೆಗಾಲವನ್ನು ನಾವು ಯಾವಾಗಲೂ ಮಳೆಗಾಲ ಎಂದೇ ಅನ್ನುತ್ತೇವೆ, ಅವರು ನಿಧಾನವಾಗಿ ಮಾತಾಡುವಾಗ "ಡಿಡ್ ಯು" ಎಂದು ಬಿಡಿಸಿಯೂ ಹೇಳುತ್ತಾರೆ. ಹಾಗಾಗಿ ಎರಡೂ ರೂಪ ನಿನ್ನ ಕಿವಿಗೆ ಪರಿಚಯವಿರಬೇಕು.

ಲೋಪದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ನೀನು ಹೆಚ್ಚು ಎಡವುವುದು ಅಲ್ಲಿಯೇ. ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಒತ್ತು. ಇಂಗ್ಲಿಷಿನಲ್ಲಿ ಅರ್ಥ ಹೊರುವ ಪದಗಳನ್ನು, ಅಂದರೆ ವಸ್ತು, ಕೆಲಸ, ಗುಣ ಹೇಳುವವನ್ನು, ಗಟ್ಟಿಯಾಗಿ ಎಳೆದು ಹೇಳುತ್ತಾರೆ. ಅವುಗಳ ನಡುವಿನ ಸಣ್ಣ ಪದಗಳನ್ನು, ಅಂದರೆ ಎ, ಟು, ಆಫ್, ಫಾರ್, ಅಟ್, ಅಂಡ್, ವಾಸ್, ಕ್ಯಾನ್, ಹ್ಯಾವ್, ದೆಮ್ ಇಂಥವನ್ನು, ಸಿಕ್ಕ ಸಂದಿಯಲ್ಲಿ ತುರುಕಿಬಿಡುತ್ತಾರೆ. ಇಂಥ ಪದಗಳು ಸುಮಾರು ನಲವತ್ತು ಇವೆ. ಇವುಗಳ ಸ್ವರವೆಲ್ಲ ಸವೆದು, ಬಾಯಿ ಪೂರ್ತಿ ತೆರೆಯದೆ ಹೇಳುವ ಅರೆಬರೆ ಅಕಾರವೊಂದೇ ಉಳಿಯುತ್ತದೆ. ನಿಘಂಟಿನಲ್ಲಿ ಅದಕ್ಕೆ ə ಎಂಬ ಗುರುತು ಹಾಕುತ್ತಾರೆ, ಇಂಗ್ಲಿಷಿನಲ್ಲಿ ಅತಿ ಹೆಚ್ಚು ಸಲ ಕೇಳುವ ಸ್ವರ ಇದೇ. "ಟು" ಎಂಬುದು "ಟ", "ಫಾರ್" ಎಂಬುದು "ಫ", "ಆಫ್" ಎಂಬುದು "ಅವ್" ಅಥವಾ ಬರೀ "ಅ", "ಅಂಡ್" ಎಂಬುದು "ಅನ್" ಅಥವಾ ಬರೀ "ನ್". ಹಿಮ್, ಹಿಸ್, ಹರ್ ಪದಗಳ ಹಕಾರ ವಾಕ್ಯದ ನಡುವೆ ಉದುರಿಹೋಗುತ್ತದೆ. ಹೌಸ್, ಹೆಲ್ಪ್ ಇಂಥ ಗಟ್ಟಿ ಪದಗಳಲ್ಲಿ ಹಾಗಾಗುವುದಿಲ್ಲ, ಅದರಿಂದ ಗಾಬರಿ ಬೇಡ. ವಾಕ್ಯದ ಕೊನೆಗೆ ಬಂದರೆ ಕ್ಯಾನ್, ವಾಸ್, ಫಾರ್ ಇಂಥ ಸಣ್ಣ ಪದಗಳು ಪೂರ್ತಿ ರೂಪದಲ್ಲೇ ಕೇಳುತ್ತವೆ. "ಯೆಸ್, ಐ ಕ್ಯಾನ್" ಎನ್ನುವಾಗ ಆ ಕ್ಯಾನ್ ಸ್ಪಷ್ಟ.

ಈ ಕ್ಯಾನ್ ಎಂಬುದು ಎಲ್ಲಕ್ಕಿಂತ ಅಪಾಯದ ಪದ. ಬರುತ್ತೇನೆ ಎನ್ನುವವನು "ಐ ಕನ್ ಕಮ್" ಅಂತಾನೆ, ಕ್ಯಾನ್ ಸವೆದಿರುತ್ತದೆ, ಭಾರವೆಲ್ಲ ಕಮ್ ಮೇಲೆ. ಬರಲಾಗದು ಎನ್ನುವವನು "ಐ ಕ್ಯಾಂಟ್ ಕಮ್" ಅಂತಾನೆ, ಆದರೆ ಕೊನೆಯ ಟಕಾರವನ್ನು ಎಷ್ಟೋ ಸಲ ನುಂಗಿಬಿಡುತ್ತಾನೆ. ನೀನು ಟಕಾರಕ್ಕೆ ಕಾದು ಕೂತರೆ ತಪ್ಪು ಹಾದಿ. ಸ್ವರ ಪೂರ್ತಿಯಾಗಿದ್ದು ಆ ಪದದ ಮೇಲೆ ಭಾರ ಬಿದ್ದಿದ್ದರೆ ಆಗದು ಎಂದರ್ಥ, ಪದ ಸರ್‍ರನೆ ಜಾರಿದ್ದರೆ ಆಗುತ್ತದೆ ಎಂದರ್ಥ. ನೀನು ಹೇಳುವಾಗಲೂ ಇದು ನೆನಪಿರಲಿ. ನಾವು ಎಲ್ಲ ಅಕ್ಷರಕ್ಕೂ ಸಮ ಒತ್ತು ಕೊಟ್ಟು "ಐ ಕ್ಯಾನ್ ಕಮ್" ಎಂದು ಬಿಡಿಬಿಡಿಯಾಗಿ ಹೇಳಿದರೆ ಕೇಳುವವರು ಬರುವುದಿಲ್ಲ ಎಂದು ತಿಳಿದುಕೊಳ್ಳಬಹುದು.

ಈಗ ಮಾಡುವ ಕೆಲಸ. ದಿನಕ್ಕೆ ಇಪ್ಪತ್ತೈದು ನಿಮಿಷ, ವಾರಕ್ಕೆ ಐದು ದಿನ, ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಇಯರ್‌ಫೋನ್. ಕೇಳುವುದು ಮೂವತ್ತೇ ಸೆಕೆಂಡಿನ ತುಣುಕು. ಕಡಿಮೆಯಾಯಿತು ಅನಿಸಬಹುದು, ಆದರೆ ಸಾಮಾನ್ಯ ವೇಗದ ಮಾತಿನಲ್ಲಿ ಅಷ್ಟರಲ್ಲೇ ಎಪ್ಪತ್ತು ಎಂಬತ್ತು ಪದ ಬಂದುಹೋಗುತ್ತವೆ. ತುಣುಕಿನ ಜೊತೆ ಅದರ ಮಾತು ಬರೆದಿರುವ ಪಠ್ಯ ಇರಲೇಬೇಕು. ಬಿಬಿಸಿಯ ಇಂಗ್ಲಿಷ್ ಕಲಿಕೆಯ ವಿಭಾಗದಲ್ಲಿ 6 Minute English ಎಂಬ ಕಾರ್ಯಕ್ರಮವಿದೆ, ಪಠ್ಯ ಅಲ್ಲೇ ಸಿಗುತ್ತದೆ, ಅಲ್ಲಲ್ಲಿ ಒಂದೆರಡು ಪದ ಮಾತಿಗಿಂತ ಬೇರೆಯಾಗಿರಬಹುದು, ಆದರೂ ಅದರಿಂದ ಶುರು ಮಾಡು. ಮೊದಲು ಪಠ್ಯದ ಮೇಲೆ ಕಣ್ಣು ಓಡಿಸದೆ ಒಮ್ಮೆ ಕೇಳು. ಅರ್ಧಕ್ಕಿಂತ ಕಡಿಮೆ ಸಿಕ್ಕಿದರೆ ಆ ತುಣುಕು ಬಿಡು, ಬೇರೆ ತಗೋ. ಸಿನಿಮಾದಿಂದ ಶುರು ಮಾಡಬೇಡ. ಹಿನ್ನೆಲೆ ಸಂಗೀತ, ಪಿಸುಮಾತು, ಇಬ್ಬರು ಒಟ್ಟಿಗೆ ಮಾತಾಡುವುದು ಎಲ್ಲ ಸೇರಿ ನಿನ್ನ ಕಿವಿಯ ತಪ್ಪು ಯಾವುದು, ಸದ್ದಿನ ತಪ್ಪು ಯಾವುದು ಎಂದೇ ಗೊತ್ತಾಗುವುದಿಲ್ಲ. ವಿಡಿಯೊದ ಕೆಳಗೆ ಯಂತ್ರವೇ ಹಾಕುವ ಅಕ್ಷರಗಳನ್ನೂ ಪಠ್ಯ ಎಂದು ನಂಬಬೇಡ, ನೀನು ತಪ್ಪುವ ಜಾಗದಲ್ಲೇ ಅದೂ ತಪ್ಪಬಹುದು.

ತುಣುಕನ್ನು ಎರಡು ಸಲ ಸುಮ್ಮನೆ ಕೇಳು. ಮೂರನೆಯ ಸಲ ಒಂದೊಂದು ಉಸಿರಿಗೆ ನಿಲ್ಲಿಸಿ, ಕೇಳಿದ್ದನ್ನು ಕೇಳಿದ ಹಾಗೇ ಬರೆ. ಸಾರಾಂಶ ಬೇಡ, ಪದಗಳು ಬೇಕು. ಸಿಗದ ಕಡೆ ಗೆರೆ ಎಳೆ. ಒಂದು ತುಂಡನ್ನು ಐದು ಸಲಕ್ಕಿಂತ ಹೆಚ್ಚು ಕೇಳಬೇಡ. ಐದು ಸಲದಲ್ಲಿ ಸಿಗದ್ದು ಹದಿನೈದು ಸಲ ಕೇಳಿದರೂ ಸಿಗುವುದು ಅಪರೂಪ, ಸಿಟ್ಟು ಮಾತ್ರ ಬರುತ್ತದೆ. ಆಮೇಲೆ ಆಡಿಯೊ ಬದಿಗಿಟ್ಟು, ಎರಡನೆಯ ಬಣ್ಣದ ಪೆನ್ನಿನಲ್ಲಿ ಗೆರೆಗಳನ್ನು ನಿನ್ನ ವ್ಯಾಕರಣದ ಬಲದಿಂದ ತುಂಬಿಸು. ಕೊನೆಗೆ ಪಠ್ಯ ತೆರೆದು ಹೋಲಿಸು. ಕಿವಿಗೆ ಸಿಕ್ಕದ್ದು ಯಾವುದು, ತಲೆ ಊಹಿಸಿದ್ದು ಯಾವುದು ಎಂದು ಬೇರೆಯಾಗಿ ಕಾಣಬೇಕು, ಎರಡು ಬಣ್ಣ ಅದಕ್ಕೇ.

ಒಂದು ಉದಾಹರಣೆ ಮಾಡಿ ನೋಡೋಣ. ತುಣುಕಿನಲ್ಲಿ ಈ ಮಾತು ಇದೆ ಅಂದುಕೋ: "ಐ ವಾಸ್ ಗೋಯಿಂಗ್ ಟು ಕಾಲ್ ಹಿಮ್, ಬಟ್ ಐ ಕುಡಂಟ್ ಫೈಂಡ್ ಹಿಸ್ ನಂಬರ್, ಸೋ ಐ ಲೆಫ್ಟ್ ಎ ನೋಟ್ ಅಟ್ ದಿ ಆಫೀಸ್. ಡಿಡ್ ಯು ಗೆಟ್ ಇಟ್?" ಒಟ್ಟು 24 ಪದ, ಹತ್ತು ಸೆಕೆಂಡಿನೊಳಗೆ ಮುಗಿಯುತ್ತದೆ. ಅದರಲ್ಲಿ ಗಟ್ಟಿಯಾಗಿ ಕೇಳುವವು ಗೋಯಿಂಗ್, ಕಾಲ್, ಕುಡಂಟ್, ಫೈಂಡ್, ನಂಬರ್, ಲೆಫ್ಟ್, ನೋಟ್, ಆಫೀಸ್, ಗೆಟ್ ಎಂಬ ಒಂಬತ್ತು ಮಾತ್ರ. ಉಳಿದ ಹದಿನೈದು ಸಂದಿಯಲ್ಲಿ ಸಿಕ್ಕಿಕೊಂಡಿವೆ. ನಿನ್ನ ನೋಟ್‌ಬುಕ್ಕಿನಲ್ಲಿ ಬಹುಶಃ ಹೀಗಿರುತ್ತದೆ: "ಐ, ಗೆರೆ, ಗೋಯಿಂಗ್, ಗೆರೆ, ಕಾಲಮ್, ಬಟ್ ಐ ಕುಡ್ ಫೈಂಡ್ ಈಸ್ ನಂಬರ್, ಸೋ ವೈ ಲೆಫ್ಟ್ ನೋಟ್, ಗೆರೆ, ಆಫೀಸ್, ಗೆರೆ, ಗೆಟ್ ಇಟ್."

ಒಂದೊಂದು ತಪ್ಪಿಗೂ ಕಾರಣವಿದೆ. "ಕಾಲ್ ಹಿಮ್" ಎಂಬುದರ ಹಕಾರ ಉದುರಿ "ಕಾಲಿಮ್" ಆಯಿತು, ನಿನಗೆ ಗೊತ್ತಿರುವ ಪದಗಳಲ್ಲಿ ಅದಕ್ಕೆ ಹತ್ತಿರದ್ದು ಪತ್ರಿಕೆಯ ಕಾಲಮ್, ಕಿವಿ ಅದನ್ನೇ ಎತ್ತಿಕೊಂಡಿತು. ಹಿಸ್ ಎಂಬುದು ಈಸ್ ಆದದ್ದೂ ಅದೇ ಲೋಪದಿಂದ. "ಸೋವಾಯ್" ಎಂಬಲ್ಲಿ ಬಂದ ವಕಾರ ಆಗಮ ಎಂದು ತಿಳಿಯದೆ ಅದನ್ನು ಮುಂದಿನ ಪದಕ್ಕೆ ಸೇರಿಸಿ ವೈ ಎಂದು ಬರೆದೆ. "ಲೆಫ್ಟ್ ಎ" ಎಂಬುದು "ಲೆಫ್ಟ" ಎಂದು ಕೂಡಿಕೊಂಡು ಎ ಮಾಯವಾಯಿತು. "ಡಿಜು" ಎಂಬ ಪದ ಯಾವ ನಿಘಂಟಿನಲ್ಲೂ ಇಲ್ಲದ್ದರಿಂದ ಅಲ್ಲಿ ಗೆರೆ ಬಿತ್ತು. ಇಷ್ಟರಲ್ಲಿ ನಿನಗೆ ಅರ್ಥ ಗೊತ್ತಿಲ್ಲದ ಪದ ಒಂದಾದರೂ ಇದೆಯಾ?

ಈಗ ಎರಡನೆಯ ಪೆನ್ನು. ಐ ಆದ ಮೇಲೆ ಗೋಯಿಂಗ್ ಒಂಟಿಯಾಗಿ ನಿಲ್ಲಲಾರದು, ನಡುವೆ ಆಮ್ ಇರಬೇಕು ಇಲ್ಲವೇ ವಾಸ್ ಇರಬೇಕು. ಮುಂದೆ ಲೆಫ್ಟ್ ಎಂದಿದೆ, ಆಗಿಹೋದ ಮಾತು, ಆದ್ದರಿಂದ ವಾಸ್. ಕುಡ್ ಎಂದು ಬರೆದಿದ್ದೀಯ, ಆದರೆ ನಂಬರ್ ಸಿಕ್ಕಿದ್ದರೆ ಚೀಟಿ ಬಿಟ್ಟು ಬರುವ ಅಗತ್ಯವೇ ಇರಲಿಲ್ಲ, ಅಂದರೆ ಅದು ಕುಡಂಟ್. ನಿನ್ನ ಹಳೆಯ ವ್ಯಾಕರಣದ ಓದು ಹೀಗೆ ಉಪಯೋಗಕ್ಕೆ ಬರುತ್ತದೆ. ಸರಾಗವಾಗಿ ಕೇಳಿ ಅರ್ಥ ಮಾಡಿಕೊಳ್ಳುವವರೂ ಸಣ್ಣ ಪದಗಳನ್ನೆಲ್ಲ ಕಿವಿಯಿಂದಲೇ ಹಿಡಿಯುವುದಿಲ್ಲ, ಅರ್ಧಂಬರ್ಧ ಹೀಗೇ ತುಂಬಿಸಿಕೊಳ್ಳುತ್ತಾರೆ. ಅವರು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವುದನ್ನು ನೀನು ಈಗ ಪೆನ್ನು ಹಿಡಿದು ನಿಧಾನವಾಗಿ ಮಾಡುತ್ತೀಯ.

ಹೋಲಿಸಿದ ಮೇಲೆ ತಪ್ಪುಗಳ ಪಕ್ಕ ಒಂದೊಂದು ಅಕ್ಷರ ಬರೆ. ಪದವೇ ಗೊತ್ತಿಲ್ಲದಿದ್ದರೆ ಪ, ಗೊತ್ತಿದ್ದೂ ಕೇಳಿಸದಿದ್ದರೆ ಕಿ. ದಿನದ ಕೊನೆಗೆ ಎರಡನ್ನೂ ಎಣಿಸು. ಪ ಹೆಚ್ಚಿದ್ದರೆ ತುಣುಕು ನಿನ್ನ ಮಟ್ಟಕ್ಕೆ ಕಷ್ಟ, ಸುಲಭದ್ದು ತಗೋ. ಎಪ್ಪತ್ತು ಪದಕ್ಕೆ ಮೂರೋ ನಾಲ್ಕೋ ಗೊತ್ತಿಲ್ಲದ್ದು ಇದ್ದರೆ ಸರಿ. ಕಿ ಹೆಚ್ಚಿದ್ದರೆ ತುಣುಕು ಸರಿಯಾಗಿದೆ, ನಿನ್ನ ಕೆಲಸವೇ ಅದು.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ತಪ್ಪು ಕಂಡುಹಿಡಿದರೆ ಕಿವಿ ತಿದ್ದಿಕೊಳ್ಳುವುದಿಲ್ಲ. ಕಿ ಎಂದು ಬರೆದ ಜಾಗಗಳಿಗೆ ಮರಳಿ ಹೋಗಿ, ಪಠ್ಯ ನೋಡುತ್ತಾ ಆ ಮೂರು ನಾಲ್ಕು ಪದಗಳನ್ನಷ್ಟೇ ಐದಾರು ಸಲ ಕೇಳು. "ಕಾಲಿಮ್" ಎಂಬ ಸದ್ದು "ಕಾಲ್ ಹಿಮ್" ಎಂದೇ ಕೇಳತೊಡಗುವ ಒಂದು ಗಳಿಗೆ ಬರುತ್ತದೆ, ಅಲ್ಲಿವರೆಗೆ ಕೇಳು. ಆಮೇಲೆ ಆಡಿಯೊದ ಜೊತೆಗೇ, ಅರ್ಧ ಪದ ಹಿಂದಿನಿಂದ, ಅದೇ ಏರಿಳಿತದಲ್ಲಿ ಬಾಯಿಬಿಟ್ಟು ಹೇಳು. ಅವರ ಉಚ್ಚಾರದ ಅನುಕರಣೆ ಗುರಿಯಲ್ಲ, ನೀನು ನಿನ್ನ ಉಚ್ಚಾರದಲ್ಲೇ ಮಾತಾಡು, ಯಾರೂ ತಪ್ಪು ಹಿಡಿಯಬೇಕಿಲ್ಲ. ಬಾಯಿ ಒಮ್ಮೆ ಮಾಡಿದ ಸದ್ದನ್ನು ಕಿವಿ ಬೇಗ ಗುರುತಿಸುತ್ತದೆ, ಅದಕ್ಕಾಗಿ ಇದು. ಬಾಯಿ ತೊಡರಿದರೆ ಎಲ್ಲೋ ಒಂದು ಸಣ್ಣ ಪದಕ್ಕೆ ಬೇಡದ ಭಾರ ಹಾಕುತ್ತಿದ್ದೀಯ ಎಂದೇ ತಿಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಅದು ಯಾವುದೆಂದು ಗೊತ್ತಾಗುತ್ತದೆ.

ಮರುದಿನ ಹೊಸ ತುಣುಕು ತೆರೆಯುವ ಮೊದಲು ನಿನ್ನೆಯದನ್ನು ಪಠ್ಯ ನೋಡದೆ ಒಮ್ಮೆ ಕೇಳು. ನಿನ್ನೆಯ ಕಿ ಜಾಗಗಳು ಸರಿಯಾಗಿ ಕೇಳಿದರೆ ಮುಂದಕ್ಕೆ ಹೋಗು. ಇನ್ನೂ ಜಾರುತ್ತಿದ್ದರೆ ಇವತ್ತೂ ಅದೇ.

ವೇಗ ಕಡಿಮೆ ಮಾಡಿ ಕೇಳುವ ಆಸೆ ಬರುತ್ತದೆ, 0.75 ಒತ್ತಿದರೆ ಆಯಿತಲ್ಲ ಎಂದು. ಅದರಿಂದ ಉಪಯೋಗ ಕಡಿಮೆ. ಉದುರಿಹೋದ ಹಕಾರವನ್ನು ಯಂತ್ರ ಮರಳಿ ತಂದು ಕೂರಿಸುವುದಿಲ್ಲ, "ಕಾಲಿಮ್" ಎಂಬುದನ್ನೇ ಎಳೆದು "ಕಾಆಲಿಮ್" ಮಾಡುತ್ತದೆ. ಐದು ಸಲ ಕೇಳಿಯೂ ಸಿಗದ ತುಂಡನ್ನು ಒಮ್ಮೆ ಪರೀಕ್ಷಿಸಲು ಬಳಸು, ತಕ್ಷಣ ಮೂಲ ವೇಗಕ್ಕೆ ಬಾ.

ಮೊದಲ ಎರಡು ಮೂರು ವಾರ ಹೊಸ ತುಣುಕಿನ ಲೆಕ್ಕ ಅಷ್ಟಾಗಿ ಇಳಿಯದಿದ್ದರೆ ನೋಟ್‌ಬುಕ್ ಎಸೆಯಬೇಡ. ಆಗ ಮೊತ್ತ ನೋಡದೆ ತಪ್ಪಿನ ಜಾತಿ ನೋಡು. ಹಕಾರದ ಲೋಪ ಸಿಗತೊಡಗಿದೆಯಾ, ಡಿಜು, ಮೀಚು ಗುರುತು ಸಿಕ್ಕವಾ ಎಂದು. ಒಂದು ಸಂಧಿ ಕಿವಿಗೆ ಕೂತರೆ ಅದೇ ಸಂಧಿಯಾಗುವ ನೂರಾರು ಕಡೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಕೊನೆಗೂ ಉಳಿಯುವುದು ವಾಕ್ಯದ ನಡುವಿನ ಎ ಮತ್ತು ಆಫ್. ಅವು ಹೋದರೆ ಹೋಗಲಿ, ಬಹುಪಾಲು ಅರ್ಥ ಕೆಡುವುದಿಲ್ಲ. ಕ್ಯಾನ್, ಕ್ಯಾಂಟ್ ಮಾತ್ರ ಬಿಡಬೇಡ.

ಮೊದಲ ತುಣುಕಿನ ಪುಟದ ಫೋಟೊ ತೆಗೆದು ಕಳಿಸು. ಗೆರೆಗಳು ಎಷ್ಟಿದ್ದರೂ ಪರವಾಗಿಲ್ಲ.

ಇಂತಿ ನಿನ್ನ
ಅಕ್ಕ

ಕಾಗದ ಇಷ್ಟು. ನಿಮಗೆ ಎರಡು ಮಾತು. ಫೋಟೊ ಬಂದಾಗ ಅವನ ಸ್ಪೆಲ್ಲಿಂಗ್ ತಿದ್ದಲು ಹೋಗಬೇಡಿ, ಅದು ಇಲ್ಲಿಯ ಕೆಲಸವಲ್ಲ. ಎರಡನೆಯ ಬಣ್ಣದ ಬರಹ ಇದೆಯೇ ಎಂದು ನೋಡಿ. ಎಲ್ಲವೂ ಒಂದೇ ಬಣ್ಣದಲ್ಲಿದ್ದು ತಪ್ಪೂ ಹೆಚ್ಚಿಲ್ಲದಿದ್ದರೆ ಅವನು ಪಠ್ಯ ನೋಡಿಕೊಂಡು ಬರೆದಿದ್ದಾನೆ, ಅಥವಾ ತುಣುಕು ತೀರಾ ಸುಲಭವಾಗಿದೆ. ಗೆರೆಗಳೇ ತುಂಬಿದ್ದು ಅವುಗಳ ಪಕ್ಕ ಪ ಹೆಚ್ಚಿದ್ದರೆ ತುಣುಕು ಬದಲಿಸಲು ಹೇಳಿ. ಕಾರ್ಯಕ್ರಮ ಆರಿಸಿಕೊಡುವುದರಲ್ಲಿ ನೀವು ನೆರವಾದರೆ ಅವನ ಅರ್ಧ ಗಂಟೆ ಉಳಿಯುತ್ತದೆ, ಯಾಕೆಂದರೆ ಹುಡುಕುವುದರಲ್ಲೇ ಸಮಯ ಕಳೆದು ಕೇಳುವುದಕ್ಕೆ ಮುಂಚೆಯೇ ಬೇಸತ್ತು ಎದ್ದುಹೋಗುವವರು ಬಹಳ.

ವಾರಕ್ಕೊಮ್ಮೆ ಫೋನ್ ಮಾಡಿದಾಗ, ಅವನು ಆ ವಾರ ಬರೆದ ಪಠ್ಯದಿಂದಲೇ ಎರಡು ವಾಕ್ಯ ಆರಿಸಿ, ಸಂಧಿ ಮಾಡಿ, ಸಹಜ ವೇಗದಲ್ಲಿ ನೀವು ಹೇಳಿ, ಅವನು ಬಿಡಿಸಿ ಹೇಳಲಿ. ಆಮೇಲೆ ಅವನು ಹೇಳಲಿ, ನೀವು ಬಿಡಿಸಿ. ನಿಮ್ಮ ಬಾಯಲ್ಲಿ ಪದಗಳು ಅಂಟಿಕೊಳ್ಳುತ್ತಿಲ್ಲ ಅನಿಸಿದರೆ ನೀವೂ ಆ ತುಣುಕನ್ನು ಮೊದಲು ನಾಲ್ಕು ಸಲ ಜೊತೆಯಲ್ಲಿ ಹೇಳಿ ನೋಡಿ.